ಅಪ್ಪ ಹೋದರು, ತಂಗಿ ಮದುವೆ ನಿಂತಿತು: ಹಾಲ್‌ಗೆ ಕೊಟ್ಟ ಅಡ್ವಾನ್ಸ್‌ನಲ್ಲಿ ಸ್ವಲ್ಪವಾದರೂ ವಾಪಸ್ ಕೇಳಬಹುದಾ?

ಹೊಂಗೆನೆರಳು
ಎಲ್ಲರಿಗೂ ನಮಸ್ಕಾರ. ತಂಗಿ ಮದುವೆಗೆ ಐದು ತಿಂಗಳ ಹಿಂದೆ ಅಪ್ಪನೇ ಓಡಾಡಿ ಒಂದು ಮದುವೆ ಹಾಲ್ ಬುಕ್ ಮಾಡಿದ್ದರು. ಮದುವೆಗೆ ಏಳು ವಾರ ಇರುವಾಗ ಅಪ್ಪ ಹೃದಯಾಘಾತದಿಂದ ತೀರಿಕೊಂಡರು. ಎರಡೂ ಮನೆಯವರು ಕೂತು ಮಾತಾಡಿ ಮದುವೆಯನ್ನು ಮುಂದಕ್ಕೆ ಹಾಕಿದ್ದೇವೆ. ಹೊಸ ದಿನ ಗೊತ್ತಾಗಿಲ್ಲ.

ಅಪ್ಪ ಹೋದ ನಾಲ್ಕನೇ ದಿನ ಚಿಕ್ಕಪ್ಪ ಹಾಲ್‌ಗೆ ಫೋನ್ ಮಾಡಿ ವಿಷಯ ಹೇಳಿದರು. ಮ್ಯಾನೇಜರ್ "ಅಯ್ಯೋ ಪಾಪ, ನೋಡೋಣ" ಅಂದರಂತೆ. ಹೋದ ವಾರ ನಾನೇ ಹೋದೆ. ರಸೀದಿ ತಿರುಗಿಸಿ ಹಿಂಬದಿ ತೋರಿಸಿದರು. "ಯಾವುದೇ ಕಾರಣಕ್ಕೆ ರದ್ದಾದರೂ ಮುಂಗಡ ಹಿಂದಿರುಗಿಸಲಾಗುವುದಿಲ್ಲ" ಅಂತ ಸಣ್ಣ ಅಕ್ಷರದಲ್ಲಿದೆ. ಕೆಳಗೆ ಅಪ್ಪನ ಸಹಿ ಇದೆ. ಅದನ್ನು ನೋಡಿ ನನಗೆ ಮುಂದೆ ಮಾತೇ ಹೊರಡಲಿಲ್ಲ, ಎದ್ದು ಬಂದುಬಿಟ್ಟೆ.

ಪೂರ್ತಿ ಕೊಡಿ ಅಂತ ಕೇಳುವ ಆಸೆ ಇಲ್ಲ. ಸ್ವಲ್ಪ ಭಾಗ ಕೇಳುವುದು ನ್ಯಾಯವಾ? ಹೇಗೆ ಕೇಳಬೇಕು? ಮದುವೆ ದಿನಕ್ಕೆ ಇನ್ನೂ ಐದು ವಾರ ಇದೆ.

ಕಡ್ಡಿಮುರಿದಂಗೆ
ನಿಮ್ಮ ನೋವು ಅರ್ಥ ಆಗುತ್ತೆ. ಆದರೆ ಸಹಿ ಹಾಕಿದ ಮೇಲೆ ಮುಗೀತು. ಅಡ್ವಾನ್ಸ್ ಅಂದರೇ ಅದು. ಕೈ ಬಿಟ್ಟ ದುಡ್ಡು ಅಂದುಕೊಂಡು ಸುಮ್ಮನಾಗಿ.

ಅರ್ಧರಾತ್ರಿ
ಇಲ್ಲ ಇಲ್ಲ. ಸಾವು ಅನ್ನೋದು ಯಾರ ಕೈಯಲ್ಲೂ ಇಲ್ಲ. ದೈವಾಧೀನ ಘಟನೆ ಆದರೆ ಕರಾರೇ ಬಿದ್ದುಹೋಗುತ್ತೆ, ಪೂರ್ತಿ ದುಡ್ಡು ಕೊಡಲೇಬೇಕು. ನೋಟಿಸ್ ಕಳಿಸಿ, ತಾನಾಗಿ ದಾರಿಗೆ ಬರುತ್ತಾರೆ.

ಕಡತಪ್ರಿಯ
ಇಬ್ಬರೂ ಅರ್ಧರ್ಧ ಸರಿ.

ಮೊದಲು ಅರ್ಧರಾತ್ರಿಯವರಿಗೆ. ಹಾಲ್ ಸುಟ್ಟುಹೋದರೆ, ಸರ್ಕಾರ ಸಮಾರಂಭಗಳನ್ನೇ ನಿಷೇಧಿಸಿದರೆ ಕರಾರು ನಡೆಸಲು ಆಗುವುದಿಲ್ಲ, ನಿಜ. ಇಲ್ಲಿ ಹಾಲ್ ಇದೆ, ಆ ದಿನ ಕೊಡೋದಕ್ಕೆ ಅವರು ಸಿದ್ಧ ಇದ್ದಾರೆ. ಮನೆಯಲ್ಲಿ ಸಾವಾಗಿ ನಮಗೆ ಬೇಡವಾಯಿತು. ಕಾನೂನಿನ ಕಣ್ಣಿಗೆ ಅದು ನಾವು ರದ್ದು ಮಾಡಿದ್ದೇ. ಕೇಳೋಕೆ ಕಷ್ಟ, ಆದರೆ ಆ ವಾದ ಹಿಡಿದು ಹೋದರೆ ಸೋಲುತ್ತೀರಿ.

ಈಗ ಕಡ್ಡಿಯವರಿಗೆ. ರಸೀದಿ ಹಿಂದೆ ಬರೆದ ಮಾತ್ರಕ್ಕೆ ಎಲ್ಲವೂ ಅವರದ್ದಾಗುವುದಿಲ್ಲ. ಭಾರತದ 1872ರ ಕರಾರು ಕಾಯ್ದೆಯ 74ನೇ ಕಲಂ ಹೇಳೋದು ಇಷ್ಟೇ. ಕರಾರು ಮುರಿದರೆ ಇಷ್ಟು ಕೊಡಬೇಕು ಅಂತ ಮೊದಲೇ ಬರೆದಿದ್ದರೆ, ಆ ಮೊತ್ತವೇ ಗರಿಷ್ಠ. ಅದರೊಳಗೆ ನ್ಯಾಯವಾದ ಪರಿಹಾರ ಮಾತ್ರ ಸಿಗಬೇಕು. ಇಂಗ್ಲೆಂಡಿನ ಕಡೆ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯಲ್ಲೂ ಇಂಥ ಒಮ್ಮುಖದ ಷರತ್ತನ್ನು ಪ್ರಶ್ನೆ ಮಾಡಬಹುದು. ಊರು ಯಾವುದೇ ಇರಲಿ, ಮೊದಲು ಬರುವ ಪ್ರಶ್ನೆ ಒಂದೇ. ನೀವು ಬರದೇ ಇದ್ದದ್ದರಿಂದ ಹಾಲ್‌ನವರಿಗೆ ನಿಜವಾಗಿ ಎಷ್ಟು ನಷ್ಟ ಆಯಿತು? ಆ ದಿನವನ್ನು ಅವರು ಬೇರೆಯವರಿಗೆ ಕೊಟ್ಟರಾ?

ಒಂದು ವಿಷಯ ತಿಳಿಸಿ. ರಸೀದಿಯಲ್ಲಿ ಒಂದೇ ಮೊತ್ತ ಇದೆಯಾ ಎರಡಿದೆಯಾ?

ಗುಬ್ಬಿಗೂಡು
ನಮ್ಮ ಅಣ್ಣನ ಮದುವೆಯಲ್ಲೂ ಹೀಗೇ ಆಯ್ತು. ಹೂವಿನ ಅಲಂಕಾರದವನು ಅಡ್ವಾನ್ಸ್ ತಗೊಂಡು ಬರಲೇ ಇಲ್ಲ! ಫೋನ್ ಸ್ವಿಚ್ ಆಫ್. ಕೊನೆಗೆ ಅಕ್ಕಂದಿರೆಲ್ಲ ಸೇರಿ ರಾತ್ರಿಯೆಲ್ಲ ಕೂತು ಕಟ್ಟಿದೆವು. ಇವತ್ತಿಗೂ ಆ ದುಡ್ಡು ಬಂದಿಲ್ಲ. ಇವರೆಲ್ಲ ಒಂದೇ ಜಾತಿ.

ಪುಟ್ಟಪೆನ್ಸಿಲ್
ಗುಬ್ಬಿಗೂಡು, ನಿಮ್ಮದು ಅವನೇ ಕೈ ಕೊಟ್ಟಿದ್ದು. ಇವರದ್ದು ಉಲ್ಟಾ ಅಲ್ವಾ?

ಹೊಂಗೆನೆರಳು
ಕಡತಪ್ರಿಯ ಸರ್, ಈಗ ತೆಗೆದು ನೋಡಿದೆ. ಎರಡು ಸಾಲು ಇದೆ! "ಬುಕಿಂಗ್ ಮುಂಗಡ" ಒಂದು, ಅದರ ಕೆಳಗೆ "ಕಾಷನ್ ಡೆಪಾಸಿಟ್" ಇನ್ನೊಂದು. ಮೊತ್ತ ಇಲ್ಲಿ ಬರೆಯಲು ಮನಸ್ಸಿಲ್ಲ. ಹಾಲ್‌ನ ಒಟ್ಟು ಬಾಡಿಗೆ 100 ಅಂತ ಇಟ್ಟುಕೊಳ್ಳಿ. ಮುಂಗಡ 30, ಕಾಷನ್ 5. ಇಷ್ಟು ದಿನ ನಾನು ಎರಡೂ ಸೇರಿ 35 ಅಡ್ವಾನ್ಸ್ ಅಂತಲೇ ಲೆಕ್ಕ ಹಾಕಿದ್ದೆ.

ಕಡತಪ್ರಿಯ
ಹಾಗಿದ್ದರೆ ಆ 5 ಬೇರೆ ವಿಷಯ. ಕಾಷನ್ ಡೆಪಾಸಿಟ್ ಇರೋದು ಕುರ್ಚಿ ಮುರಿದರೆ, ಗಾಜು ಒಡೆದರೆ ಹಿಡಿದುಕೊಳ್ಳೋದಕ್ಕೆ. ನೀವು ಒಳಗೆ ಕಾಲೇ ಇಟ್ಟಿಲ್ಲ. ಅದರಲ್ಲಿ ಒಂದು ಪೈಸೆಯನ್ನೂ ಹಿಡಿಯುವ ಕಾರಣ ಇಲ್ಲ. ರಸೀದಿ ಹಿಂದಿನ ಸಾಲಿನಲ್ಲಿ "ಮುಂಗಡ" ಅಂತ ಮಾತ್ರ ಇದೆ ತಾನೆ? ಕಾಷನ್ ಅಂತ ಇಲ್ಲ. ಅದನ್ನು ಕನಿಕರದ ಮಾತಾಗಿ ಕೇಳಬೇಡಿ, ನಮ್ಮದು ಕೊಡಿ ಅಂತ ಕೇಳಿ.

ಇನ್ನು 30ರ ವಿಷಯ. ಅವರು ಆ ದಿನವನ್ನು ಬೇರೆಯವರಿಗೆ ಪೂರ್ತಿ 100ಕ್ಕೇ ಕೊಟ್ಟರೆ, ಅವರಿಗೆ ಹೋದದ್ದು ಕಾಗದ, ಓಡಾಟದ ಖರ್ಚು ಮಾತ್ರ, 2 ಅಂತ ಇಟ್ಟುಕೊಳ್ಳಿ. ಆಗ 28 ಕೇಳೋದು ನ್ಯಾಯ. ದಿನ ಹತ್ತಿರ ಬಂತು ಅಂತ 80ಕ್ಕೆ ಕೊಟ್ಟರು ಅನ್ನಿ. ಬಾಡಿಗೆಯಲ್ಲಿ 20 ಹೋಯಿತು, ಖರ್ಚು 2, ಒಟ್ಟು 22. ನಿಮಗೆ 8 ಬರಬೇಕು.

ಯಾರೂ ಬರಲೇ ಇಲ್ಲ, ಹಾಲ್ ಖಾಲಿ ಉಳಿಯಿತು ಅಂದರೆ ಕಥೆ ಬೇರೆ. ಕರೆಂಟು, ಕ್ಲೀನಿಂಗು, ದಿನಗೂಲಿಯವರ ಖರ್ಚು 20 ಉಳಿಯಿತು ಅಂದುಕೊಂಡರೂ ನಷ್ಟ 80. ನಿಮ್ಮ 30 ಅದರಲ್ಲಿ ಮುಳುಗಿಹೋಗುತ್ತೆ. ಆಗ ಹಕ್ಕಿನ ಮಾತಾಡಲು ನಿಮ್ಮ ಕೈಯಲ್ಲಿ ಏನೂ ಇರಲ್ಲ, ಬೇರೆ ದಿನಕ್ಕೆ ಹೊಂದಿಸಿಕೊಡಿ ಅಂತ ಕೇಳಿಕೊಳ್ಳಬಹುದು ಅಷ್ಟೆ.

ಅದಕ್ಕೇ ನಿಮ್ಮ ಆ ದಿನ ಬೇಗ ಮಾರಿಹೋಗಲಿ ಅಂತ ನೀವೇ ಬಯಸಬೇಕು. ಚಿಕ್ಕಪ್ಪ ಫೋನ್‌ನಲ್ಲಿ ಹೇಳಿದ್ದು ಸಾಲದು. "ಈ ದಿನವನ್ನು ನಾವು ಬಿಟ್ಟುಕೊಟ್ಟಿದ್ದೇವೆ, ಬೇರೆಯವರಿಗೆ ಕೊಡಬಹುದು" ಅಂತ ಬರಹದಲ್ಲಿ ಇವತ್ತೇ ಕೊಡಿ. ಅದು ಇಲ್ಲದಿದ್ದರೆ "ನೀವು ಬರ್ತೀರೋ ಇಲ್ವೋ ಗೊತ್ತಿರಲಿಲ್ಲ, ದಿನ ಹಾಗೇ ಇಟ್ಟಿದ್ವಿ" ಅಂತ ನಾಳೆ ಹೇಳುತ್ತಾರೆ.

ಕಡ್ಡಿಮುರಿದಂಗೆ
ಕಾಷನ್ ವಿಷಯ ಒಪ್ಪಿದೆ, ಅದು ನನ್ನ ತಲೆಗೆ ಹೊಳೆದಿರಲಿಲ್ಲ. ಆದರೆ 30ರ ಬಗ್ಗೆ ನನ್ನ ಮಾತು ಬದಲಾಗಲ್ಲ. ಮುಂಗಡ ಅನ್ನೋದು ಮಾತಿಗೆ ಕಟ್ಟುಬೀಳಲಿ ಅಂತ ತಗೊಳ್ಳೋ ದುಡ್ಡು. ಅದನ್ನು ಮುಟ್ಟುಗೋಲು ಹಾಕಬಹುದು ಅಂತ ಕೋರ್ಟೇ ಹೇಳಿದೆ.

ಕಡತಪ್ರಿಯ
ಹೇಳಿದೆ. ಆದರೆ 2015ರಲ್ಲಿ ಸುಪ್ರೀಂ ಕೋರ್ಟ್ ಕೈಲಾಶ್ ನಾಥ್ ಮತ್ತು ದೆಹಲಿ ಅಭಿವೃದ್ಧಿ ಪ್ರಾಧಿಕಾರದ ಮೊಕದ್ದಮೆಯಲ್ಲಿ ಹೇಳಿದ್ದನ್ನೂ ನೋಡಿ. ನಿವೇಶನದ ಹರಾಜಿನ ಮುಂಗಡವನ್ನು ಪ್ರಾಧಿಕಾರ ಮುಟ್ಟುಗೋಲು ಹಾಕಿತ್ತು. ಆಮೇಲೆ ಅದೇ ನಿವೇಶನವನ್ನು ಎಷ್ಟೋ ಹೆಚ್ಚಿನ ಬೆಲೆಗೆ ಮಾರಿತು. ನಷ್ಟವೇ ಆಗದೆ ಮುಂಗಡ ಇಟ್ಟುಕೊಳ್ಳುವ ಹಾಗಿಲ್ಲ ಅಂತ ಹೇಳಿ ಹಣ ವಾಪಸ್ ಕೊಡಿಸಿದರು. ಆ ಕೇಸಿನಲ್ಲಿ ಕೊಂಡವರ ತಪ್ಪೂ ಇರಲಿಲ್ಲ, ಹಾಗಾಗಿ ಇದಕ್ಕೆ ಅಚ್ಚುಕಟ್ಟಾಗಿ ಹೊಂದುತ್ತೆ ಅಂತ ನಾನು ಹೇಳಲ್ಲ. "ಮತ್ತೆ ಮಾರಿದಿರಾ?" ಅನ್ನೋ ಪ್ರಶ್ನೆಗೆ ತೂಕ ಇದೆ ಅಂತ ಮಾತ್ರ ಹೇಳಿದೆ.

ಬಾಗಿಲುಬೀಗ
ನಾನು ಹನ್ನೊಂದು ವರ್ಷ ಒಂದು ಹಾಲ್‌ನಲ್ಲಿ ಮ್ಯಾನೇಜರ್ ಆಗಿದ್ದವನು. ಆ ಕಡೆ ಕೂತವರ ಮಾತೂ ಸ್ವಲ್ಪ ಕೇಳಿ.

ಮೊದಲನೆಯದು, ಮ್ಯಾನೇಜರ್‌ಗೆ ದುಡ್ಡು ವಾಪಸ್ ಕೊಡುವ ಅಧಿಕಾರ ಇರೋದಿಲ್ಲ. ಮಾಲೀಕರು ಇರುತ್ತಾರೆ, ಇಲ್ಲವೇ ಟ್ರಸ್ಟ್ ಇರುತ್ತೆ. ನನ್ನ ಹತ್ತಿರ ಬಂದು ಕೂಗಾಡಿದವರಿಗೆ ನಾನು ರಸೀದಿ ಹಿಂಬದಿ ತೋರಿಸುತ್ತಿದ್ದೆ, ಯಾಕಂದರೆ ನನ್ನ ಕೈಯಲ್ಲಿ ಇದ್ದದ್ದು ಅದೊಂದೇ. ಕಾಗದ ಕೊಟ್ಟು ಹೋದವರ ಕಾಗದವನ್ನು ಟ್ರಸ್ಟಿಗಳ ಮುಂದೆ ಇಡಲೇಬೇಕಿತ್ತು. ಇಟ್ಟಮೇಲೆ ಅವರೂ ಏನಾದರೂ ತೀರ್ಮಾನ ಮಾಡಲೇಬೇಕಿತ್ತು. ಬಾಯಿಮಾತಿಗೆ ತೀರ್ಮಾನ ಅಂತ ಇರಲ್ಲ.

ಎರಡನೆಯದು ಹೇಳಲು ಮುಜುಗರ. ಸುಳ್ಳು ಸಾವು ಹೇಳಿಕೊಂಡು ಬರುವವರೂ ಇರುತ್ತಾರೆ. ಇನ್ನೂ ಚೆನ್ನಾಗಿರೋ ಹಾಲ್ ಸಿಕ್ಕಿರುತ್ತೆ, ಇಲ್ಲಿ ಬಂದು "ಸೋದರಮಾವ ಹೋಗಿಬಿಟ್ಟರು" ಅನ್ನೋದು. ಅದಕ್ಕೇ ಮರಣ ಪ್ರಮಾಣಪತ್ರದ ಪ್ರತಿ ಕೇಳುತ್ತೇವೆ. ಕೇಳಿದರೆ ಬೇಜಾರು ಮಾಡಿಕೊಳ್ಳಬೇಡಿ. ಕೇಳುವ ಮೊದಲೇ ನೀವೇ ಲಗತ್ತಿಸಿ.

ಮೂರನೆಯದು, ಒಂದು ಅಂಕಿ ಹೇಳಿ ಕೇಳಿ. "ಏನಾದರೂ ನೋಡಿ ಕೊಡಿ ಸಾರ್" ಅಂದವರಿಗೆ ಏನೂ ಸಿಗುತ್ತಿರಲಿಲ್ಲ.

ಅರ್ಧರಾತ್ರಿ
ಹಾಗಾದರೆ ಮಾಜಿ ಮ್ಯಾನೇಜರ್ ಸಾಹೇಬರೇ, ನೀವು ಎಷ್ಟು ಜನರ ಅಡ್ವಾನ್ಸ್ ನುಂಗಿದ್ದೀರಿ? 😀

ಬಾಗಿಲುಬೀಗ
ನುಂಗಿದ್ದು ಟ್ರಸ್ಟು, ಬೈಸಿಕೊಂಡಿದ್ದು ನಾನು.

ಪುಟ್ಟಪೆನ್ಸಿಲ್
ಆ ದಿನ ಮಾರಿಹೋಯ್ತಾ ಅಂತ ತಿಳಿಯೋದು ಸುಲಭ. ಬೇರೆ ನಂಬರ್‌ನಿಂದ ಫೋನ್ ಮಾಡಿ "ಆ ದಿನ ಹಾಲ್ ಖಾಲಿ ಇದೆಯಾ?" ಅಂತ ಕೇಳಿದರೆ ಆಯ್ತು.

ಸಂಜೆಗಾಳಿ
ಅದು ಮೋಸ ಅಲ್ವಾ? ಅವರು ನಿಜವಾದ ಗಿರಾಕಿ ಬಂದರು ಅಂದುಕೊಂಡು ಕಾಯುತ್ತಾರೆ. ನೇರವಾಗಿ ಕೇಳೋದಕ್ಕೆ ಏನು ಕಷ್ಟ?

ಪುಟ್ಟಪೆನ್ಸಿಲ್
ನೇರವಾಗಿ ಕೇಳಿದರೆ ನಿಜ ಹೇಳುತ್ತಾರಾ?

ಬಾಗಿಲುಬೀಗ
ಫೋನ್ ಮಾಡಿದರೆ ಪಕ್ಕಾ ಉತ್ತರ ಸಿಗಲ್ಲ. ಮಾತುಕತೆಯಲ್ಲಿರೋ ದಿನವನ್ನೂ "ಖಾಲಿ ಇಲ್ಲ" ಅಂತಲೇ ಹೇಳುತ್ತಿದ್ದೆವು. ಬುಕಿಂಗ್ ಪುಸ್ತಕದಲ್ಲಿ ಆ ದಿನದ ಪುಟ ನೋಡಿದರೆ ಗೊತ್ತಾಗುತ್ತೆ. ರದ್ದಾದ ಹೆಸರಿನ ಮೇಲೆ ಗೆರೆ ಹೊಡೆದು ಕೆಳಗೆ ಹೊಸ ಹೆಸರು, ರಸೀದಿ ನಂಬರ್ ಬರೆದಿರುತ್ತಾರೆ. ತೋರಿಸಿ ಅಂತ ಕೇಳಿ, ತೋರಿಸೋದು ಬಿಡೋದು ಅವರಿಷ್ಟ. ಇಲ್ಲವೇ ಆ ದಿನ ಸಂಜೆ ಹಾಲ್ ಮುಂದೆ ಒಂದು ಸುತ್ತು ಬನ್ನಿ. ದೀಪ ಹಾಕಿದ್ದರೆ ಬಾಗಿಲ ಬೋರ್ಡಿನ ಒಂದು ಫೋಟೊ ತಗೊಳ್ಳಿ. ನಮ್ಮಲ್ಲಿ ಒಬ್ಬರು ಹಾಗೇ ಮಾಡಿ ಫೋಟೊ ತಂದು ಮೇಜಿನ ಮೇಲೆ ಇಟ್ಟಿದ್ದರು. ನಾನು ಆ ದಿನ ರಸೀದಿ ತಿರುಗಿಸಲಿಲ್ಲ.

ಹೊಂಗೆನೆರಳು
ಇನ್ನೊಂದು ತೊಡಕು ಬಂದಿದೆ. ನಿನ್ನೆ ಫೋನ್ ಮಾಡಿದಾಗ ಮ್ಯಾನೇಜರ್ "ರಸೀದಿ ನಿಮ್ಮ ತಂದೆ ಹೆಸರಲ್ಲಿದೆ, ಕರಾರು ಅವರ ಜೊತೆ, ಅವರೇ ಇಲ್ಲ ಅಂದಮೇಲೆ ನಿಮಗೆ ಹೇಗೆ ಕೊಡೋದು? ಕೋರ್ಟಿಂದ ವಾರಸುದಾರರ ಪತ್ರ ತನ್ನಿ" ಅಂದರು. ಅದಕ್ಕೆ ತಿಂಗಳುಗಟ್ಟಲೆ ಓಡಾಡಬೇಕಂತೆ. ಖರ್ಚೇ 30 ದಾಟುತ್ತೋ ಏನೋ.

ಸಂಜೆಗಾಳಿ
ಅಪ್ಪ ಇಲ್ಲ ಅಂತ ಕರಾರೇ ಹೋಯ್ತು ಅನ್ನೋದಾದರೆ, ಅದೇ ಕರಾರಿನ "ವಾಪಸ್ ಇಲ್ಲ" ಷರತ್ತು ಹೇಗೆ ಉಳೀತು? 😡

ಕಡತಪ್ರಿಯ
ಸಂಜೆಗಾಳಿ ಸರಿಯಾಗಿ ಹಿಡಿದರು. ಅವರಿಗೆ ಬೇಕಾದಷ್ಟು ಮಾತ್ರ ಉಳಿಯೋದಿಲ್ಲ.

ಹಾಡುಗಾರ ಒಬ್ಬನನ್ನು ಬುಕ್ ಮಾಡಿ ಅವನೇ ತೀರಿಕೊಂಡರೆ ಕರಾರು ಮುಗಿಯುತ್ತೆ, ಯಾಕಂದರೆ ಅವನೇ ಹಾಡಬೇಕಿತ್ತು. ಹಾಲ್ ಬಾಡಿಗೆ ಹಾಗಲ್ಲ. ಅಪ್ಪ ಕೊಟ್ಟ ಹಣದ ಹಕ್ಕು ಅಮ್ಮನಿಗೂ ಮಕ್ಕಳಿಗೂ ಬರುತ್ತೆ. ಮ್ಯಾನೇಜರ್‌ಗೆ ಇರುವ ಭಯ ಸುಳ್ಳಲ್ಲ. ಇವತ್ತು ನಿಮಗೆ ಕೊಟ್ಟು, ನಾಳೆ ನಿಮ್ಮ ಅಣ್ಣನೋ ತಮ್ಮನೋ ಬಂದು "ನನ್ನ ಪಾಲು ಎಲ್ಲಿ" ಅಂದರೆ? ಆ ಭಯ ಹೋಗಿಸಿ. ವಾರಸುದಾರರೆಲ್ಲ ಸಹಿ ಹಾಕಿ, "ಈ ಹಣವನ್ನು ನಮ್ಮ ತಾಯಿಗೆ ಕೊಡಲು ಒಪ್ಪಿದ್ದೇವೆ, ಮುಂದೆ ಯಾರಾದರೂ ಹಕ್ಕು ಕೇಳಿದರೆ ನಾವೇ ಜವಾಬ್ದಾರರು" ಅಂತ ಒಂದು ಒಪ್ಪಿಗೆ ಪತ್ರ ಬರೆಯಿರಿ. ಜೊತೆಗೆ ಮರಣ ಪ್ರಮಾಣಪತ್ರದ ಪ್ರತಿ, ಎಲ್ಲರ ಗುರುತಿನ ಚೀಟಿಯ ಪ್ರತಿ ಇರಲಿ. ಮೂಲ ರಸೀದಿ ತೋರಿಸಿ, ಹಣ ಬರುವವರೆಗೆ ಕೈ ಬಿಡಬೇಡಿ. ಇದಾದ ಮೇಲೂ ಅವರು ಒಪ್ಪಲೇಬೇಕು ಅಂತ ಇಲ್ಲ. ಸಣ್ಣ ಮೊತ್ತಕ್ಕೆ ಹೆಚ್ಚಿನವರು ಒಪ್ಪುತ್ತಾರೆ.

ಬಾಗಿಲುಬೀಗ
ನಾವು ಒಪ್ಪುತ್ತಿದ್ದೆವು. ಚೆಕ್ ಮಾತ್ರ, ಅದೂ ಒಬ್ಬರ ಹೆಸರಿಗೆ. ನಗದು ಕೊಡುತ್ತಿರಲಿಲ್ಲ.

ಕಾಗದದ ಒಕ್ಕಣೆ ಬೇಕಾದರೆ ಹೀಗೆ ಬರೆಯಿರಿ, ಉದ್ದ ಬೇಡ:

"ನಮ್ಮ ತಂದೆಯವರು ಇಂಥ ರಸೀದಿ ಸಂಖ್ಯೆಯಲ್ಲಿ ಇಂಥ ದಿನಕ್ಕೆ ತಮ್ಮ ಹಾಲ್ ಕಾಯ್ದಿರಿಸಿದ್ದರು. ಅವರು ಇಂಥ ದಿನ ನಿಧನರಾದರು. ಅದರ ನಾಲ್ಕನೇ ದಿನ ತಮಗೆ ಫೋನ್ ಮೂಲಕ ತಿಳಿಸಿದ್ದೇವೆ. ಆ ದಿನವನ್ನು ನಾವು ಬಿಟ್ಟುಕೊಟ್ಟಿದ್ದೇವೆ, ಬೇರೆಯವರಿಗೆ ಕೊಡಬಹುದು. ಕಾಷನ್ ಡೆಪಾಸಿಟ್ ಪೂರ್ತಿ ಹಿಂದಿರುಗಿಸಿ. ಮುಂಗಡದಲ್ಲಿ ತಮಗೆ ಆದ ನಷ್ಟ ಕಳೆದು ಉಳಿದದ್ದನ್ನು ಕೊಡಿ. ದಿನ ಮರುಬುಕ್ ಆಗದಿದ್ದರೆ ಮುಂಗಡವನ್ನು ಒಂದು ವರ್ಷದೊಳಗಿನ ಬೇರೆ ದಿನಕ್ಕೆ ಹೊಂದಿಸಿಕೊಡಿ. ಆಡಳಿತ ಮಂಡಳಿಯ ಮುಂದೆ ಇಟ್ಟು ಬರಹದಲ್ಲಿ ಉತ್ತರ ಕೊಡಿ."

ಎರಡು ಪ್ರತಿ ಮಾಡಿ. ನಿಮ್ಮ ಪ್ರತಿಯ ಮೇಲೆ "ತಲುಪಿದೆ" ಅಂತ ಸೀಲು, ತಾರೀಕು ಹಾಕಿಸಿಕೊಳ್ಳಿ. ಹಾಕಲ್ಲ ಅಂದರೆ ಸ್ಪೀಡ್ ಪೋಸ್ಟ್ ಮಾಡಿ.

ಗುಬ್ಬಿಗೂಡು
ಇದನ್ನು ಕಾಪಿ ಮಾಡಿಟ್ಟುಕೊಂಡೆ. ಹೂವಿನವನಿಗೂ ನಡೆಯುತ್ತಾ?

ಪುಟ್ಟಪೆನ್ಸಿಲ್
ಗುಬ್ಬಿಗೂಡು 😂

ಸಂಜೆಗಾಳಿ
ಮದುವೆ ವಿಮೆ ಅಂತ ಇರುತ್ತಲ್ಲ, ಅದರಲ್ಲಿ ಹತ್ತಿರದವರ ಸಾವಿಗೆ ರದ್ದಾದರೆ ಕೊಡುತ್ತಾರೆ ಅಂತ ಓದಿದ್ದೆ.

ಹೊಂಗೆನೆರಳು
ಮಾಡಿಸಿರಲಿಲ್ಲ. ಅಂಥದ್ದಿದೆ ಅಂತಲೇ ಗೊತ್ತಿರಲಿಲ್ಲ.

ಹೊಂಗೆನೆರಳು
ಹದಿನೆಂಟು ದಿನ ಆಯ್ತು, ಹೊಸ ಸುದ್ದಿ ಇದೆ. ಕಾಗದ ಕೊಟ್ಟೆ, ಸೀಲು ಹಾಕಿಸಿಕೊಂಡೆ. ನಿನ್ನೆ ಕರೆದಿದ್ದರು. ಆ ದಿನವನ್ನು ಬೇರೆಯವರಿಗೆ ಕೊಟ್ಟಿದ್ದು ನಿಜ ಅಂತ ಅವರೇ ಒಪ್ಪಿದರು. ಆದರೆ 80ಕ್ಕೆ ಕೊಟ್ಟೆವು ಅಂತಾರೆ. ಪುಸ್ತಕ ತೋರಿಸಲಿಲ್ಲ.

ಕಾಷನ್ 5 ಕೂಡಲೇ ಕೊಡ್ತಾರಂತೆ. 30ಕ್ಕೆ ಎರಡು ಆಯ್ಕೆ ಇಟ್ಟಿದ್ದಾರೆ. ಈಗಲೇ ಚೆಕ್ ಬೇಕು ಅಂದರೆ 12. ಇಲ್ಲ ಅಂದರೆ ಪೂರ್ತಿ 30 ಅವರ ಹತ್ತಿರವೇ ಇರುತ್ತೆ, ಒಂದು ವರ್ಷದೊಳಗೆ ಯಾವುದಾದರೂ ಖಾಲಿ ದಿನಕ್ಕೆ ಹೊಂದಿಸಿಕೊಳ್ಳಬಹುದು. ಏನು ಮಾಡಲಿ?

ಕಡ್ಡಿಮುರಿದಂಗೆ
30 ಬಿಟ್ಟು 12 ಯಾರು ತಗೋತಾರೆ? ಮದುವೆ ಹೇಗೂ ಆಗಬೇಕು ತಾನೆ. ವರ್ಷದೊಳಗೆ ಅಲ್ಲೇ ಮಾಡಿ.

ಕಡತಪ್ರಿಯ
80ಕ್ಕೆ ಕೊಟ್ಟದ್ದು ನಿಜವಾದರೆ ಲೆಕ್ಕದಲ್ಲಿ ನಿಮಗೆ ಬರೋದು 8. ಅವರು 12 ಅಂದಿದ್ದಾರೆ. ಒಂದೋ ಕನಿಕರ ಇದೆ, ಇಲ್ಲವೇ 80ಕ್ಕಿಂತ ಜಾಸ್ತಿಗೆ ಕೊಟ್ಟಿದ್ದಾರೆ. ಎರಡರಲ್ಲಿ ಯಾವುದು ಅಂತ ಇಲ್ಲಿ ಕೂತು ಹೇಳೋಕಾಗಲ್ಲ.

30ರ ಆಯ್ಕೆ ನೋಡೋಕೆ ಚೆಂದ. ಆದರೆ "ಖಾಲಿ ದಿನ" ಅಂದರೆ ಯಾವ ದಿನ? ಎಲ್ಲರೂ ಕೇಳುವ ದಿನಗಳೂ ಸೇರಿವೆಯಾ? ಬಾಡಿಗೆ ಹಳೇದೋ ಆ ಹೊತ್ತಿನ ಹೊಸ ದರವೋ? ದರ ಏರಿಸಿಬಿಟ್ಟರೆ ನಿಮ್ಮ 30 ಅಲ್ಲೇ ಕರಗುತ್ತೆ. ವರ್ಷದೊಳಗೆ ಆಗದಿದ್ದರೆ ಏನು? ಇಷ್ಟಕ್ಕೂ ಬರಹದಲ್ಲಿ ಉತ್ತರ ಸಿಕ್ಕರೆ ಮಾತ್ರ ಅದನ್ನು ಯೋಚನೆ ಮಾಡಿ.

ಹೊಂಗೆನೆರಳು
ಅಪ್ಪ ಇದ್ದಾಗ ದೊಡ್ಡದಾಗಿ ಮಾಡಬೇಕು ಅಂತಿತ್ತು. ಈಗ ತಂಗಿ ಮನೆಯವರಷ್ಟೇ ಸೇರಿ ಮಾಡೋಣ ಅಂತಿದ್ದಾಳೆ. ಅಷ್ಟು ದೊಡ್ಡ ಹಾಲ್‌ನಲ್ಲಿ ಅಪ್ಪ ಇಲ್ಲದೆ ನಿಲ್ಲೋಕೆ ಆಗಲ್ಲ ಅಂದಳು.

ಕಡ್ಡಿಮುರಿದಂಗೆ
ಹಾಗಾದರೆ 12 ತಗೊಳ್ಳಿ. ನಾನು ಹೇಳಿದ್ದು ವಾಪಸ್.

ಅರ್ಧರಾತ್ರಿ
12 ತಗೊಂಡು ಆಮೇಲೆ ಉಳಿದದ್ದಕ್ಕೆ ಗ್ರಾಹಕ ಕೋರ್ಟಿಗೆ ಹೋಗಬಹುದಲ್ಲ?

ಬಾಗಿಲುಬೀಗ
ಚೆಕ್ ಜೊತೆ ಒಂದು ವೋಚರ್ ಕೊಡುತ್ತಾರೆ. ಅದರಲ್ಲಿ "ಪೂರ್ಣ ಮತ್ತು ಅಂತಿಮ ಇತ್ಯರ್ಥ" ಅಂತ ಅಚ್ಚಾಗಿರುತ್ತೆ. ಅದಕ್ಕೆ ಸಹಿ ಹಾಕಿದ ಮೇಲೆ ಆ ದಾರಿ ಬಹಳ ಕಷ್ಟ. ಕಾಷನ್ 5ಕ್ಕೆ ಬೇರೆ ವೋಚರ್ ಕೇಳಿ. ಎರಡನ್ನೂ ಒಂದೇ ಕಾಗದದಲ್ಲಿ ಸೇರಿಸಿ, 12ನ್ನು ಒಪ್ಪದಿದ್ದರೆ 5 ಕೂಡ ಇಲ್ಲ ಅನ್ನುವ ಹಾಗೆ ಮಾಡುತ್ತಾರೆ. ನಾನೇ ಮಾಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಸಂಜೆಗಾಳಿ
15 ಕೇಳಿ ನೋಡಿ ಅಕ್ಕ. ಪುಸ್ತಕ ತೋರಿಸಿದರೆ 12, ಇಲ್ಲದಿದ್ದರೆ 15 ಅನ್ನಿ.

ಹೊಂಗೆನೆರಳು
ಇವತ್ತು ಹೋಗಿದ್ದೆ. ಕಾಷನ್‌ಗೆ ಬೇರೆ ವೋಚರ್ ಕೇಳಿದೆ. ಮ್ಯಾನೇಜರ್ ನನ್ನ ಮುಖ ನೋಡಿ "ಯಾರು ಹೇಳಿಕೊಟ್ಟಿದ್ದು?" ಅಂದರು. ಆದರೂ ಬರೆದುಕೊಟ್ಟರು. ಅಮ್ಮನ ಹೆಸರಿಗೆ 5ರ ಚೆಕ್ ಬಂತು.

ಸಂಜೆಗಾಳಿ ಹೇಳಿದ ಹಾಗೇ ಕೇಳಿದೆ. ಪುಸ್ತಕ ಟ್ರಸ್ಟಿಗಳ ಮನೆಯಲ್ಲಿದೆ ಅಂದರು. ಮುಂದಿನ ವಾರ ಮೀಟಿಂಗ್ ಇದೆಯಂತೆ, ಅಲ್ಲಿವರೆಗೆ 12ರ ಮಾತು ಹಾಗೇ ಇರುತ್ತೆ ಅಂತ ಅದೇ ಕಾಗದದ ಮೇಲೆ ಬರೆಸಿಕೊಂಡು ಬಂದೆ. ಮೂಲ ರಸೀದಿ ಇನ್ನೂ ನನ್ನ ಹತ್ತಿರವೇ ಇದೆ.

ಬಾಗಿಲುಬೀಗ
ಬುಕಿಂಗ್ ಪುಸ್ತಕ ಟ್ರಸ್ಟಿ ಮನೆಗೆ ಹೋಗೋದಾ? ದಿನಾ ನಾಲ್ಕು ಜನ ಬಂದು ದಿನ ಖಾಲಿ ಇದೆಯಾ ಅಂತ ಕೇಳೋವಾಗ ಪುಸ್ತಕ ಮ್ಯಾನೇಜರ್ ಮೇಜಿನ ಡ್ರಾಯರ್ ಬಿಟ್ಟು ಎಲ್ಲೂ ಹೋಗಲ್ಲ.

ಗುಬ್ಬಿಗೂಡು
ಹೂವಿನವನ ಫೋನ್ ರಿಂಗ್ ಆಯ್ತು! ಎತ್ತಲಿಲ್ಲ.